ಬಾಕಿ ಮೊತ್ತದ ಫೋಟೋ ಲೆಕ್ಕವಲ್ಲ, ಮೂರು ಕಾಲಂ ತೋರಿಸಿ

"ನಿಮ್ಮ ಪಿಎಫ್ ಸರಿಯಾಗಿ ಹೋಗ್ತಾ ಇದೆ, ತಲೆ ಕೆಡಿಸ್ಕೋಬೇಡಿ." ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಲ್ಲಿ ಬಟವಾಡೆ ದಿನ ರೈಟರ್ ಬಾಯಲ್ಲಿ ಬರುವ ಮಾತು ಇದು. ಇನ್ನೂ ಕೇಳಿದರೆ ಮೊಬೈಲಿಗೆ ಒಂದು ಫೋಟೋ ಬರುತ್ತದೆ. ಅದರಲ್ಲಿ ಕೆಳಗಿನ ಒಟ್ಟು ಮೊತ್ತ ಮಾತ್ರ ಕಾಣುತ್ತದೆ, ಮೇಲಿನ ಸಾಲುಗಳೂ ಬಲಗಡೆಯ ಕಾಲಂ ಕೂಡ ಕತ್ತರಿಸಿ ಹೋಗಿರುತ್ತವೆ. ನಲವತ್ತೋ ಐವತ್ತೋ ಸಾವಿರ ಕಂಡ ಕೂಡಲೇ ಲೈನ್ ಮನೆಯಲ್ಲಿ ಸಮಾಧಾನ ಆಗುತ್ತದೆ. ನಾವು ಹೇಳುವುದು ಇಷ್ಟೇ: ಆ ಸಮಾಧಾನವೇ ಮೋಸಕ್ಕೆ ದಾರಿ. ಒಟ್ಟು ಮೊತ್ತ ಹಳೆಯ ವರ್ಷಗಳದ್ದೂ ಆಗಿರಬಹುದು. ಹೋದ ತಿಂಗಳು ದುಡ್ಡು ಕಟ್ಟಿದ್ದಾರೋ ಇಲ್ಲವೋ ಎಂದು ಅದು ಹೇಳುವುದಿಲ್ಲ.

ಪಾಸ್‌ಬುಕ್ಕಿನ ಪ್ರತಿ ತಿಂಗಳ ಸಾಲಿನಲ್ಲಿ ದುಡ್ಡು ಮೂರು ಕಡೆ ಬೀಳುತ್ತದೆ. Employee ಎನ್ನುವಲ್ಲಿ ನಿಮ್ಮ ಕೂಲಿಯಿಂದ ಹಿಡಿದ ಶೇ. 12. ಮಾಲೀಕರೂ ಅಷ್ಟೇ ಶೇ. 12 ಕೊಡಬೇಕು, ಆದರೆ ಅದು ಎರಡು ಪಾಲಾಗುತ್ತದೆ. ಶೇ. 8.33 Pension ಕಾಲಂಗೆ, ಉಳಿದ ಶೇ. 3.67 Employer ಕಾಲಂಗೆ. ಇದು ಗೊತ್ತಿಲ್ಲದೆ "ನನ್ನದು 1,440, ಸಾಹುಕಾರ್ರದ್ದು ಬರೀ 440" ಎಂದು ಜಗಳಕ್ಕೆ ಹೋಗುವವರಿದ್ದಾರೆ. ಅಲ್ಲಿ ಮೋಸ ಇಲ್ಲ. ಅದಿರುವುದು ಬೇರೆ ಕಡೆ.

ಲೆಕ್ಕ ಮಾಡಿ ನೋಡೋಣ. ದಿನಕ್ಕೆ 500 ರೂಪಾಯಿ ಕೂಲಿ, ತಿಂಗಳಿಗೆ 24 ದಿನ ಕೆಲಸ ಎಂದಿಟ್ಟುಕೊಳ್ಳಿ. ಕೂಲಿ 12,000. ಬಟವಾಡೆ ಚೀಟಿಯಲ್ಲಿ ಹಿಡಿದದ್ದು 1,440. ಪಾಸ್‌ಬುಕ್ಕಿನಲ್ಲಿ Employee 1,440, Employer 440, Pension 1,000 ಇರಬೇಕು. ಕೊನೆಯ ಎರಡನ್ನು ಕೂಡಿದರೆ ಮೊದಲನೆಯದು ಬರಬೇಕು. 58 ವರ್ಷ ದಾಟಿದವರಿಗೆ ಮಾತ್ರ ಪೆನ್ಶನ್ ಕಾಲಂ ಸೊನ್ನೆಯಾಗಿ, ಮಾಲೀಕರ ಪೂರ್ತಿ ಪಾಲು Employer ಕಾಲಂಗೇ ಬರುತ್ತದೆ.

ಈಗ ಇನ್ನೊಂದು ಫೋಟೋ. ಅದೇ ಆಳು, ಅದೇ 24 ದಿನ, ಚೀಟಿಯಲ್ಲಿ ಹಿಡಿದದ್ದು ಅದೇ 1,440. ಪಾಸ್‌ಬುಕ್ಕಿನಲ್ಲಿ ಮಾತ್ರ Employee 900, Employer 275, Pension 625. ಕೂಡಿ ನೋಡಿ, 275 ಮತ್ತು 625 ಸೇರಿ 900. ಲೆಕ್ಕ ತಾಳೆಯಾಗುತ್ತದೆ. ಆದರೂ ಮೋಸ ಇದೆ. ಅದೇ ಸಾಲಿನ Wages ಎನ್ನುವ ಜಾಗ ನೋಡಿದರೆ 7,500 ಎಂದಿರುತ್ತದೆ. ಅಂದರೆ 24 ದಿನ ದುಡಿದವರನ್ನು ಕಾಗದದಲ್ಲಿ 15 ದಿನ ದುಡಿದವರನ್ನಾಗಿ ಮಾಡಿದ್ದಾರೆ. ನಿಮ್ಮಿಂದ ಹಿಡಿದ 540 ರೂಪಾಯಿ ಕಟ್ಟಲಿಲ್ಲ, ಮಾಲೀಕರು ಕೊಡಬೇಕಾದ 540 ಕೂಡ ಕೊಡಲಿಲ್ಲ. ತಿಂಗಳಿಗೆ 1,080, ವರ್ಷಕ್ಕೆ 12,960. ಮುಂದೆ ಪೆನ್ಶನ್ ಲೆಕ್ಕ ಹಾಕುವುದೂ ಈ ಕಡಿಮೆ ಕೂಲಿಯ ಮೇಲೆಯೇ.

ಆದ್ದರಿಂದ ಪಾಸ್‌ಬುಕ್ಕನ್ನು ಪಾಸ್‌ಬುಕ್ಕಿನ ಜೊತೆಗೇ ತಾಳೆ ನೋಡಿದರೆ ಸಾಲದು. ಬಟವಾಡೆ ಚೀಟಿ ಪಕ್ಕದಲ್ಲಿಟ್ಟು ನೋಡಬೇಕು. ಚೀಟಿಯೇ ಕೊಡದ ತೋಟಗಳಿವೆ. ಅಲ್ಲಿ ಗೋಡೆಯ ಕ್ಯಾಲೆಂಡರಿನಲ್ಲಿ ಹೋದ ದಿನಗಳಿಗೆ ಗುರುತು ಹಾಕಿಕೊಳ್ಳಿ, ಕೈಗೆ ಬಂದ ದುಡ್ಡನ್ನೂ ಅಲ್ಲೇ ಬರೆಯಿರಿ.

ಬಡ್ಡಿಯ ವಿಷಯದಲ್ಲಿ ಎರಡೂ ಕಡೆ ತಪ್ಪು ತಿಳಿವಳಿಕೆ ಇದೆ. "ಈ ತಿಂಗಳು ಬಡ್ಡಿ ಬಂದಿಲ್ಲ" ಎಂದು ಕೆಲವರು ಗಾಬರಿಯಾಗುತ್ತಾರೆ. ಬಡ್ಡಿಯ ಲೆಕ್ಕ ತಿಂಗಳು ತಿಂಗಳಿನ ಬಾಕಿಯ ಮೇಲೆ ನಡೆಯುತ್ತದೆ, ಆದರೆ ಪಾಸ್‌ಬುಕ್ಕಿಗೆ ಬೀಳುವುದು ವರ್ಷಕ್ಕೆ ಒಂದೇ ಸಲ. ಮಾರ್ಚ್ ಮುಗಿದು ಸರ್ಕಾರ ದರಕ್ಕೆ ಒಪ್ಪಿಗೆ ಕೊಟ್ಟ ಮೇಲೆ Int. Updated upto 31/03 ಎನ್ನುವ ಸಾಲು ಬರುತ್ತದೆ. 2023-24 ಮತ್ತು 2024-25ಕ್ಕೆ ದರ ಶೇ. 8.25 ಇತ್ತು. ವರ್ಷದ ಆರಂಭದಲ್ಲಿ ಎರಡೂ ಪಾಲು ಸೇರಿ 40,000 ಇದ್ದರೆ ಅದಕ್ಕೇ 3,300 ಬಡ್ಡಿ. ಮೇಲೆ ಹೇಳಿದ 1,440 ಮತ್ತು 440 ಹನ್ನೆರಡೂ ತಿಂಗಳು ತಪ್ಪದೆ ಬಿದ್ದಿದ್ದರೆ ಇನ್ನೊಂದು 850ರ ಆಸುಪಾಸು. ಒಟ್ಟು 4,150ರ ಹತ್ತಿರ ಇರಬೇಕು. ಪೆನ್ಶನ್ ಕಾಲಂಗೆ ಬಡ್ಡಿ ಇಲ್ಲ, ಅಲ್ಲಿ ಸೊನ್ನೆ ಕಂಡರೆ ಹೆದರಬೇಡಿ. ಆದರೆ ಬಡ್ಡಿ ತೀರಾ ಕಡಿಮೆ ಕಂಡರೆ ನಡುವೆ ಯಾವ ತಿಂಗಳು ಬಿಟ್ಟುಹೋಗಿದೆ ಎಂದು ಹುಡುಕಿ. ತೋಟ ಬದಲಿಸಿದವರಿಗೆ ಒಂದೇ ಯುಎಎನ್ ನಂಬರಿನಡಿ ಎರಡು ಮೂರು Member ID ಇರುತ್ತವೆ, ಒಂದೊಂದಕ್ಕೂ ಬೇರೆ ಪಾಸ್‌ಬುಕ್. ಹಳೆಯದನ್ನೂ ತೆರೆದು ನೋಡಿ.

ಯಾವಾಗ ನೋಡಬೇಕು? ಒಂದು ತಿಂಗಳ ಕೂಲಿಯ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಪಾಸ್‌ಬುಕ್ಕಿಗೆ ಏರಲು ಕೆಲವು ದಿನ ಹಿಡಿಯುತ್ತದೆ. ಹಾಗಾಗಿ ಏಪ್ರಿಲ್ ಕೂಲಿಯದ್ದನ್ನು ಮೇ 25ರ ನಂತರ ನೋಡಿ. ಸೈಬರ್ ಅಂಗಡಿಯಲ್ಲಿ passbook.epfindia.gov.in ತೆರೆಸಿ, ಅಥವಾ ಉಮಂಗ್ ಆ್ಯಪ್‌ನಲ್ಲಿ ನೀವೇ ತೆರೆಯಿರಿ. ಫೋಟೋದಲ್ಲಿ ನಿಮ್ಮ ಹೆಸರು, Member ID, ತಿಂಗಳ ಸಾಲು ಮತ್ತು ಬಲತುದಿಯ ಪೆನ್ಶನ್ ಕಾಲಂ ನಾಲ್ಕೂ ಬರಬೇಕು. ಪಾಸ್‌ವರ್ಡನ್ನು ಅಂಗಡಿಯ ಪುಸ್ತಕದಲ್ಲಿ ಬರೆಸಬೇಡಿ. ಫೋಟೋವನ್ನು ಗ್ರೂಪಿಗೆ ಹಾಕಬೇಡಿ.

"ಇಷ್ಟೆಲ್ಲ ಕೂಲಿಯವರು ನೋಡೋಕಾಗುತ್ತಾ?" ಎಂದು ತೋಟದ ಆಫೀಸಿನವರು ನಗಬಹುದು. ಆ ನಗುವಿಗೇ ನಮ್ಮ ತಕರಾರು. ಪಾಸ್‌ಬುಕ್ ಇಂಗ್ಲಿಷು ಹಿಂದಿಯಲ್ಲಿದೆ, ಲೈನ್ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆಧಾರ್‌ನಲ್ಲಿ ಒಂದು ಹೆಸರು ಹಾಜರಿ ಪುಸ್ತಕದಲ್ಲಿ ಇನ್ನೊಂದು. ಹೀಗಿರುವಾಗ ಪರೀಕ್ಷೆಯ ಭಾರ ಪೂರ್ತಿ ದುಡಿಯುವವರ ಮೇಲೆ ಹಾಕಿರುವುದೇ ಅನ್ಯಾಯ. ಮಾಲೀಕರು ಪ್ರತಿ ತಿಂಗಳು ಪಿಎಫ್ ಕಚೇರಿಗೆ ಕಳಿಸುವ ಇಸಿಆರ್ ಪಟ್ಟಿಯಲ್ಲಿ ಒಬ್ಬೊಬ್ಬರ ಹೆಸರು, ಕೂಲಿ, ಕಟ್ಟಿದ ಮೊತ್ತ ಎಲ್ಲ ಇರುತ್ತದೆ. ಯುಎಎನ್ ನಂಬರು ಮುಚ್ಚಿ ಅದನ್ನೇ ಪ್ರತಿ 16ಕ್ಕೆ ಹಾಜರಿ ಕರೆಯುವ ಜಾಗದಲ್ಲಿ ಅಂಟಿಸಲಿ. ಇದಕ್ಕೆ ಒಂದು ಹಾಳೆ ಸಾಕು. ಸರಿಯಾಗಿ ಕಟ್ಟುವ ತೋಟಕ್ಕೆ ಇದರಿಂದ ನಷ್ಟವಿಲ್ಲ. ಬೇಡ ಎನ್ನುವವರು ಯಾಕೆ ಬೇಡ ಎಂದು ಹೇಳಲಿ.

ತಪ್ಪು ಸಿಕ್ಕರೆ ಮೊದಲು ರೈಟರ್ ಹತ್ತಿರ ಚೀಟಿ ಮತ್ತು ಫೋಟೋ ಎರಡೂ ತೋರಿಸಿ ಕೇಳಿ. ಒಂದು ತಿಂಗಳು ತಡವಾಗಿದ್ದರೆ ಅಲ್ಲೇ ಸರಿಹೋಗಬಹುದು. ಸರಿಹೋಗದಿದ್ದರೆ epfigms.gov.in ನಲ್ಲಿ ಯುಎಎನ್ ಹಾಕಿ ದೂರು ಕೊಡಿ, ಯಾವ ತಿಂಗಳು, ಎಷ್ಟು ಹಿಡಿದರು, ಎಷ್ಟು ಬಿತ್ತು ಎಂಬ ಮೂರನ್ನೇ ಬರೆಯಿರಿ. ಜಿಲ್ಲೆಯಲ್ಲಿ ಪ್ರತಿ ತಿಂಗಳು 27ಕ್ಕೆ 'ನಿಧಿ ಆಪ್ಕೆ ನಿಕಟ್' ಶಿಬಿರ ನಡೆಯುತ್ತದೆ, ರಜೆ ಬಂದರೆ ಮುಂದಿನ ಕೆಲಸದ ದಿನ. ಒಬ್ಬೊಬ್ಬರೇ ಕೂಲಿ ಕಳೆದುಕೊಂಡು ಹೋಗುವ ಬದಲು ಒಂದು ತೋಟದವರ ಚೀಟಿಗಳನ್ನೆಲ್ಲ ಸೇರಿಸಿ ಇಬ್ಬರನ್ನು ಕಳಿಸಿ. ಕೂಲಿಯಿಂದ ಹಿಡಿದ ಪಾಲನ್ನು ಕಟ್ಟದೆ ಇಟ್ಟುಕೊಳ್ಳುವುದು ಬರೀ ಲೆಕ್ಕದ ತಪ್ಪಲ್ಲ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲಿ ಅದಕ್ಕೆ ನಂಬಿಕೆ ದ್ರೋಹ ಎಂದೇ ಹೆಸರು.

ಮುಂದಿನ ಬಟವಾಡೆಗೆ ಹೋಗುವಾಗ "ಪಿಎಫ್ ಹೋಗ್ತಾ ಇದೆಯಾ?" ಎಂದು ಕೇಳಬೇಡಿ. "ಹೋದ ತಿಂಗಳು ನನ್ನ ಕೂಲಿ ಎಷ್ಟು ಅಂತ ಬರೆದಿದ್ದೀರಿ?" ಎಂದು ಕೇಳಿ. ಮೊದಲನೆಯ ಪ್ರಶ್ನೆಗೆ ಹೂಂ ಅಂದರೆ ಮುಗಿಯಿತು. ಎರಡನೆಯದಕ್ಕೆ ಪುಸ್ತಕ ತೆಗೆಯಲೇಬೇಕು.