ಆಂಟಿಬಯೋಟಿಕ್ ನೋವಿನ ಔಷಧಿ ಅಲ್ಲ ಕಣ್ರೋ

(1/5)
ಹೋದ ತಿಂಗಳು ರಾತ್ರಿ ಎರಡು ಗಂಟೆ. ನಮ್ಮಕ್ಕನ ಮಗ ಬಲಗಿವಿ ಎಳ್ಕೊಂಡು ಅಳೋಕೆ ಶುರು ಮಾಡ್ದ. ವಯಸ್ಸು ಎರಡು ವರ್ಷ ಎರಡು ತಿಂಗಳು, ತೂಕ 12 ಕೆಜಿ. ಮೂರು ದಿನದಿಂದ ನೆಗಡಿ, ಜ್ವರ 100.8. ಅಜ್ಜಿ ಎದ್ದು ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸೋಕಿಟ್ರು. ಭಾವ ಫ್ರಿಜ್‌ನಿಂದ, ದೊಡ್ಡ ಮಗಳಿಗೆ ಯಾವಾಗ್ಲೋ ತಂದು ಅರ್ಧ ಉಳಿದಿದ್ದ ಅಮಾಕ್ಸಿಸಿಲಿನ್ ಬಾಟಲಿ ತೆಗೆದ್ರು. ಅಕ್ಕ ಪ್ಯಾರಾಸಿಟಮಾಲ್ ಸಿರಪ್ ಅಂದಾಜಲ್ಲಿ ಅರ್ಧ ಚಮಚ, 2.5 ಎಂಎಲ್ ಕುಡಿಸಿದ್ಲು. ಮೂರೂ ಜನ ಮಗು ಮೇಲಿನ ಪ್ರೀತಿಗೇ ಮಾಡಿದ್ದು. ಸರಿ ದಾರಿಲಿ ಇದ್ದಿದ್ದು ಅಕ್ಕ ಒಬ್ಳೇ, ಅವಳೂ ಅರ್ಧ ದಾರಿ.

(2/5)
ಮೊದಲು ಎಣ್ಣೆ ವಿಷಯ. ಕೊಬ್ಬರಿ ಊರಲ್ಲಿ ಹುಟ್ಟಿ ಕೊಬ್ಬರಿ ಎಣ್ಣೆಗೆ ಬೈತಾನೆ ಅನ್ಬೇಡಿ, ಕೇಳಿ. ಮೂಗಿನ ಹಿಂಭಾಗದಿಂದ ಕಿವಿ ಒಳಕ್ಕೆ ಒಂದು ಸಣ್ಣ ಕೊಳವೆ ಇದೆ. ಚಿಕ್ಕ ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚೂ ಕಮ್ಮಿ ಮಲಗಿದ ಹಾಗಿರುತ್ತೆ. ನೆಗಡಿಗೆ ಅದು ಊದಿ ಮುಚ್ಕೊಂಡ್ರೆ ಕಿವಿ ತಮಟೆಯ ಹಿಂದೆ ನೀರು ನಿಂತು, ಅಲ್ಲಿ ಸೋಂಕಾಗಿ ಕೀವು ತುಂಬಿ ತಮಟೆನ ಹೊರಕ್ಕೆ ತಳ್ಳುತ್ತೆ. ಆ ಒತ್ತಡಾನೇ ನೋವು. ನೀವು ಹೊರಗಿಂದ ಹಾಕಿದ ಎಣ್ಣೆ ತಮಟೆಯ ಈಚೆನೇ ನಿಲ್ಲುತ್ತೆ, ಸೋಂಕಿನ ಹತ್ರ ಹೋಗೋದೇ ಇಲ್ಲ. ತಮಟೆ ತೂತಾಗಿದ್ರೆ ಹೋಗುತ್ತೆ, ಅದು ಇನ್ನೂ ಕೆಟ್ಟದ್ದು. ಬಿಸಿ ಜಾಸ್ತಿಯಾದ್ರೆ ಸುಡುತ್ತೆ. ಬೆಳಗ್ಗೆ ಡಾಕ್ಟರ್ ಲೈಟ್ ಹಾಕಿ ನೋಡಿದ್ರೆ ತಮಟೆ ಬದಲು ಎಣ್ಣೆ ಕಾಣುತ್ತೆ.

(3/5)
ಬೆಳಗ್ಗೆ ತಿಪಟೂರಲ್ಲಿ ಮಕ್ಕಳ ಡಾಕ್ಟರ್ ಎರಡೂ ಕಿವಿ ನೋಡಿದ್ರು. ಬಲಗಡೆ ತಮಟೆ ಕೆಂಪಾಗಿ ಉಬ್ಬಿದೆ, ಎಡಗಡೆ ಸರಿಯಿದೆ, ಸೋರ್ತಾ ಇಲ್ಲ. ಅವರು ಮೊದಲು ಮಾಡಿದ್ದು ಡೋಸ್ ಲೆಕ್ಕ. ಕೆಜಿಗೆ 15 ಮಿಲಿಗ್ರಾಂ, 12 ಕೆಜಿಗೆ 180. ನಮ್ಮನೆ ಬಾಟಲಿ 5 ಎಂಎಲ್‌ಗೆ 250 ಮಿಲಿಗ್ರಾಂದು, ಅಂದ್ರೆ 3.6 ಎಂಎಲ್ ಬೇಕಿತ್ತು. ಅದೇ 5 ಎಂಎಲ್‌ಗೆ 120 ಇರೋ ಬಾಟಲಿ ಆಗಿದ್ರೆ 7.5 ಎಂಎಲ್. ಔಷಧಿ ಒಂದೇ, ಬಾಟಲಿ ಬೇರೆ, ಅಳತೆ ಎರಡರಷ್ಟು! ಬಿಕಾಂ ಓದೋ ನನಗೇ ಲೇಬಲ್ ಓದ್ಬೇಕು ಅಂತ ಹೊಳೆದಿರಲಿಲ್ಲ. ಅಲ್ಲೇ ಸಿರಿಂಜಲ್ಲಿ ಅಳೆದು ಕುಡಿಸಿದ್ರು. ಮುಕ್ಕಾಲು ಗಂಟೆಲಿ ಬಿಸ್ಕತ್ ಕೇಳ್ದ. ಆರು ಗಂಟೆಗೊಮ್ಮೆ ಕೊಡಿ, ದಿನಕ್ಕೆ ನಾಲ್ಕು ಸಲ ದಾಟಬೇಡಿ, ಮೊದಲೆರಡು ದಿನ ಅಳೋವರೆಗೂ ಕಾಯಬೇಡಿ ಅಂದ್ರು. ಆಮೇಲೆ ಆಂಟಿಬಯೋಟಿಕ್ ಚೀಟಿ ಬರೆದು, "ಇದನ್ನ ಇಟ್ಕೊಂಡಿರಿ, ತಗೋಬೇಡಿ. ಎರಡು ದಿನದಲ್ಲಿ ಕಮ್ಮಿ ಆಗ್ಲಿಲ್ಲ ಅಂದ್ರೆ, ಇಲ್ಲ ಜಾಸ್ತಿ ಆದ್ರೆ ಶುರು ಮಾಡಿ, ಕರ್ಕೊಂಡು ಬನ್ನಿ" ಅಂದ್ರು.

(4/5)
ಭಾವನ ಮುಖ ನೋಡ್ಬೇಕಿತ್ತು. "ಫೀಸ್ ತಗೊಂಡು ಬರೀ ಪ್ಯಾರಾಸಿಟಮಾಲಾ?" ನನ್ನ ಜಗಳ ಇರೋದೇ ಈ ಮಾತಿನ ಜೊತೆ. ಆಂಟಿಬಯೋಟಿಕ್ ಮೊದಲ 24 ಗಂಟೆ ನೋವನ್ನ ಕಮ್ಮಿ ಮಾಡಲ್ಲ. ಕೊಟ್ರೂ ಕೊಡದಿದ್ರೂ ನೂರರಲ್ಲಿ ಸುಮಾರು ಅರವತ್ತು ಮಕ್ಕಳಿಗೆ ಒಂದು ದಿನದಲ್ಲಿ ನೋವು ಇಳಿದಿರುತ್ತೆ. ಕೊಕ್ರೇನ್ ಅನ್ನೋ ಸಂಸ್ಥೆ 2015ರಲ್ಲಿ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಕೊಟ್ಟ ಲೆಕ್ಕ ಇದು: ಎರಡು ಮೂರನೇ ದಿನದ ನೋವಿನಿಂದ ಒಂದು ಮಗುನ ಉಳಿಸೋಕೆ ಇಪ್ಪತ್ತು ಮಕ್ಕಳಿಗೆ ಆಂಟಿಬಯೋಟಿಕ್ ಕೊಡಬೇಕು. ಹದಿನಾಲ್ಕು ಮಕ್ಕಳಿಗೆ ಕೊಟ್ರೆ ಅದರಿಂದಲೇ ಒಂದು ಮಗುಗೆ ವಾಂತಿನೋ ಭೇದಿನೋ ಗುಳ್ಳೆನೋ ಬರುತ್ತೆ. ಜಮೆ ಯಾವುದು ಖರ್ಚು ಯಾವುದು ನೀವೇ ಬರ್ಕೊಳಿ.

ಆದ್ರೆ ಇದನ್ನ ಎಲ್ಲ ಮಕ್ಕಳಿಗೂ ಹಚ್ಚಬೇಡಿ. ಆರು ತಿಂಗಳೊಳಗಿನ ಕೂಸಿಗೆ ಕಾಯೋ ಮಾತೇ ಇಲ್ಲ. ಎರಡು ವರ್ಷದೊಳಗೆ ಎರಡೂ ಕಿವಿ ಆಗಿದ್ರೆ, ಯಾವ ವಯಸ್ಸಲ್ಲೇ ಆಗ್ಲಿ ಕಿವಿಯಿಂದ ಕೀವು ಸೋರಿದ್ರೆ, ಜ್ವರ 102.2 ಮುಟ್ಟಿದ್ರೆ, ಔಷಧಿ ಕೊಟ್ರೂ ತಡೆಯದಷ್ಟು ನೋವಿದ್ರೆ ಆಂಟಿಬಯೋಟಿಕ್ ಬೇಕು, ಆಗ ಅದು ನಿಜವಾಗ್ಲೂ ಕೆಲಸ ಮಾಡುತ್ತೆ. ಕಿವಿ ಹಿಂದೆ ಊದಿ ಕಿವಿ ಮುಂದಕ್ಕೆ ಬಂದ್ರೆ, ಬಾಯಿ ಸೊಟ್ಟಗಾದ್ರೆ, ಮಗು ಮಂಕಾಗಿ ಎಬ್ಬಿಸಿದ್ರೂ ಏಳದಿದ್ರೆ ಅವತ್ತೇ, ಆಗಲೇ ಆಸ್ಪತ್ರೆ.

(5/5)
"ತುರುವೇಕೆರೆ ಕಡೆ ತೋಟದ ಮನೆಯಿಂದ ಎರಡನೇ ಸಲ ಬರೋಕೆ ಬಸ್ಸೆಲ್ಲಿದೆ?" ಅಂತ ಫ್ರೆಂಡ್ ಒಬ್ಬ ಕೇಳ್ದ. ನ್ಯಾಯವಾದ ಪ್ರಶ್ನೆ. ತಿರುಗಿ ಬರೋಕಾಗದವರಿಗೆ ಡಾಕ್ಟರ್ ಮೊದಲೇ ಕೊಟ್ರೆ ನಾನು ತಪ್ಪು ಅನ್ನಲ್ಲ. ಕಾಯೋದು ಅಂದ್ರೆ ಸುಮ್ನಿರೋದಲ್ಲ, ನೋಡ್ತಾ ಇರೋದು. ನನ್ನ ಸಿಟ್ಟು ಕಿವಿನೇ ನೋಡದೆ, "ಸ್ಟ್ರಾಂಗಾಗಿರೋದು ಕೊಡಿ" ಅಂತ ಕೌಂಟರಲ್ಲಿ ಕೇಳೋರ ಮೇಲೆ, ಕೇಳಿದ ತಕ್ಷಣ ಕೊಡೋರ ಮೇಲೆ. ಭಾವ ತೆಗೆದ ಬಾಟಲಿ ಕೂಡ ನೀರು ಬೆರೆಸಿ ತಿಂಗಳುಗಳೇ ಆಗಿತ್ತು. ಬೆರೆಸಿದ ಮೇಲೆ ಅದರ ಆಯುಸ್ಸು ಹೆಚ್ಚಂದ್ರೆ ಎರಡು ವಾರ.

ಎರಡನೇ ರಾತ್ರಿ ಒಂದ್ಸಲ ಎದ್ದ, ಮೂರನೇ ದಿನ ಅಂಗಳದಲ್ಲಿ ಕೋಳಿ ಅಟ್ಟಿಸ್ತಾ ಇದ್ದ. ಚೀಟಿ ಇನ್ನೂ ಕ್ಯಾಲೆಂಡರ್ ಹಿಂದೆ ಇದೆ. ಅಜ್ಜಿಯ ಬೆಳ್ಳುಳ್ಳಿ ಎಣ್ಣೆ ವೇಸ್ಟ್ ಆಗ್ಲಿಲ್ಲ, ನನ್ನ ತಲೆಗೆ ತಿಕ್ಕಿದ್ರು. ಆ ಸೋಮವಾರ ಕ್ಲಾಸಲ್ಲಿ ಏನ್ ವಾಸನೆ ಅಂತ ಕೇಳಿದ್ರಲ್ಲ, ಅದೇ.

#ಕಿವಿನೋವು #ತಿಪಟೂರು