ಐವತ್ತರ ನಂತರ ಹೊಸ ಭಾಷೆ: ದೋಷ ನೆನಪಿನದೇ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಅನೇಕ ಮನೆತನಗಳ ಮಕ್ಕಳು ಪುಣೆ, ಕೊಲ್ಲಾಪುರಗಳಲ್ಲಿ ನೆಲೆಸಿದ್ದಾರೆ. ಮೊಮ್ಮಕ್ಕಳು ಮರಾಠಿಯಲ್ಲಿ ಮಾತನಾಡುತ್ತಾರೆ. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದ ಕಾಲದಲ್ಲಿ ನಮ್ಮ ಹಿರಿಯರಿಗೆ ಆ ಭಾಷೆಯ ಬಳಕೆಯಿತ್ತು. ಇಂದಿನ ಅಜ್ಜ-ಅಜ್ಜಿಯರು ಅದನ್ನು ಮೊದಲಿನಿಂದ ಕಲಿಯಬೇಕಾಗಿದೆ. ಕಲಿಯಲು ತೊಡಗಿದವರು ಕೆಲವೇ ವಾರಗಳಲ್ಲಿ “ವಯಸ್ಸಾಯಿತು, ನೆನಪು ನಿಲ್ಲುವುದಿಲ್ಲ” ಎಂದು ಕೈಬಿಡುತ್ತಾರೆ. ಈ ತೀರ್ಮಾನ ಬಹುಮಟ್ಟಿಗೆ ತಪ್ಪೆಂಬುದು ನನ್ನ ಅಭಿಪ್ರಾಯ.

ಈ ನಂಬಿಕೆಗೆ ಶಾಸ್ತ್ರದ ಆಧಾರವನ್ನೂ ಕೆಲವರು ಕೊಡುತ್ತಾರೆ. ಶಾರ್ಙ್ಗಧರ ಸಂಹಿತೆಯು ದಶಕಕ್ಕೊಂದರಂತೆ ಕುಂದುವ ಗುಣಗಳನ್ನು ಎಣಿಸುವಾಗ ಮೇಧೆಯನ್ನು ನಾಲ್ಕನೆಯ ದಶಕದಲ್ಲಿ ಇಟ್ಟಿರುವುದು ನಿಜ. ಮೇಧೆಯೆಂದರೆ ಒಮ್ಮೆ ಕೇಳಿದ್ದನ್ನು ಥಟ್ಟನೆ ಹಿಡಿದಿಡುವ ಶಕ್ತಿ. ಆದರೆ ಅದೇ ಪಟ್ಟಿಯಲ್ಲಿ ಬುದ್ಧಿಯ ಸರದಿ ಒಂಬತ್ತನೆಯ ದಶಕಕ್ಕೆ ಬರುತ್ತದೆ, ದೃಷ್ಟಿಯದು ಆರನೆಯದಕ್ಕೆ. ಹಿಡಿಯುವ ವೇಗ ತಗ್ಗುತ್ತದೆ, ಅರ್ಥಮಾಡಿಕೊಳ್ಳುವ ಶಕ್ತಿ ಉಳಿಯುತ್ತದೆ, ಅದಕ್ಕೂ ಮೊದಲು ಇಂದ್ರಿಯ ಮಂದವಾಗುತ್ತದೆ. ಈ ಕ್ರಮವನ್ನು ಗಮನಿಸಿದರೆ ಚಿಕಿತ್ಸೆಯ ದಾರಿ ತಾನಾಗಿ ಕಾಣುತ್ತದೆ.

ಶಿರಹಟ್ಟಿ ಕಡೆಯ ಐವತ್ತೆಂಟು ವರ್ಷದ ತಾಯಿಯೊಬ್ಬರು ಮರೆವಿನ ಔಷಧ ಬೇಡಿ ಬಂದಿದ್ದರು. ದಿನಕ್ಕೆ ಮೂವತ್ತು ಮರಾಠಿ ಶಬ್ದಗಳನ್ನು ಪುಸ್ತಕದಿಂದ ಓದುತ್ತಿದ್ದರು. ಮೂರು ವಾರವಾದರೂ ಹತ್ತು ಶಬ್ದ ನಿಂತಿರಲಿಲ್ಲ. ಮನೆಯ ಲೆಕ್ಕ, ಔಷಧದ ವೇಳೆ, ಹಬ್ಬದ ತಿಥಿಗಳೆಲ್ಲ ಅವರಿಗೆ ಚೆನ್ನಾಗಿ ನೆನಪಿದ್ದವು. ಬಾಯಿ ಕಾಣದಂತೆ ಮುಖ ತಿರುಗಿಸಿ ನಾನು ಮೆಲ್ಲಗೆ ಕೆಲವು ಶಬ್ದ ನುಡಿದು ಬರೆಯಹೇಳಿದೆ. ಒಲೆಗೆ ಮರಾಠಿಯಲ್ಲಿ ‘ಚೂಲ’ ಎನ್ನುತ್ತಾರೆ, ಉಚ್ಚಾರ ‘ತ್ಸೂಲ’ಕ್ಕೆ ಹತ್ತಿರ, ಅವರು ‘ಸೂಲ’ ಎಂದು ಬರೆದರು. ಕಿವಿವೈದ್ಯರ ಬಳಿ ಪರೀಕ್ಷಿಸಿದಾಗ ಒಂದು ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿತ್ತು. ಎರಡರಲ್ಲೂ ಎತ್ತರದ ಸ್ವರಗಳು ಮಂದವಾಗಿದ್ದವು. ಸ, ಚ, ತ ಮೊದಲಾದ ವ್ಯಂಜನಗಳು ಮೊದಲು ಮಸುಕಾಗುವುದು ಹೀಗೆಯೇ. ಪರಿಚಿತ ಕನ್ನಡದಲ್ಲಿ ಮನಸ್ಸು ಆ ಕೊರತೆಯನ್ನು ಊಹೆಯಿಂದ ತುಂಬಿಕೊಳ್ಳುತ್ತದೆ. ಹೊಸ ಭಾಷೆಯಲ್ಲಿ ಊಹೆಗೆ ಆಧಾರವಿಲ್ಲ. ಸರಿಯಾಗಿ ಕೇಳಿಸದ ಶಬ್ದ ನೆನಪಿನಲ್ಲಿ ನಿಲ್ಲುವುದಾದರೂ ಹೇಗೆ?

ಗುಗ್ಗೆ ತೆಗೆಸಿದ ಮೇಲೆ ಅಭ್ಯಾಸಕ್ರಮವನ್ನು ಬದಲಿಸಿದೆವು. ಚರಕರು ಸ್ಮೃತಿಗೆ ಹೇಳಿದ ಎಂಟು ಕಾರಣಗಳಲ್ಲಿ ಸಾದೃಶ್ಯ, ಅಭ್ಯಾಸ, ಪುನಃಶ್ರುತ ಎಂಬ ಮೂರನ್ನು ಆರಿಸಿಕೊಂಡೆವು. ಬೆಳಗ್ಗೆ ಲಿಂಗಪೂಜೆಯ ನಂತರ ಇಪ್ಪತ್ತು ನಿಮಿಷ, ಐದೇ ಹೊಸ ಶಬ್ದ. ಸೊಸೆ ಫೋನಿನಲ್ಲಿ ನಿಧಾನವಾಗಿ ನುಡಿದು ಕಳಿಸಿದ ಧ್ವನಿಯನ್ನು ಮೊದಲು ಕೇಳುವುದು, ಗಟ್ಟಿಯಾಗಿ ನುಡಿಯುವುದು, ಕೊನೆಗೆ ಬರೆಯುವುದು. ಮರಾಠಿಯ ‘ತೂಪ’ ನಮ್ಮ ತುಪ್ಪವೇ. ಇಂಥ ಶಬ್ದಗಳಿಂದ ಆರಂಭಿಸಿದರು. ಕನ್ನಡದಲ್ಲಿ ಜಡವಸ್ತುಗಳೆಲ್ಲ ನಪುಂಸಕ, ಮರಾಠಿಯಲ್ಲಿ ಹಾಗಲ್ಲ. ಆದ್ದರಿಂದ ‘ತೋ ಭಾತ, ತೀ ಭಾಕರೀ, ತೇ ದೂಧ’ ಎಂದು ಲಿಂಗಸೂಚಕದೊಡನೆಯೇ ಕಲಿತರು.

ರಾತ್ರಿ ಮಲಗುವ ಮುನ್ನ ಪುಸ್ತಕ ಮುಚ್ಚಿ ಆ ಐದನ್ನು ನೆನಪಿನಿಂದಲೇ ಹೇಳಬೇಕು. ತಡವರಿಸಿದರೆ ಒಂದು ನಿಮಿಷ ಕಾದು, ಆಮೇಲಷ್ಟೇ ನೋಡಬೇಕು. ಹೀಗೆ ಹುಡುಕಿ ತೆಗೆಯುವ ಶ್ರಮದಿಂದಲೇ ಶಬ್ದ ನೆಲೆಗೊಳ್ಳುತ್ತದೆ. ಹತ್ತು ಬಾರಿ ಓದಿದರೂ ಆ ಫಲವಿಲ್ಲ. ಮರುದಿನ, ಮೂರನೆಯ ದಿನ, ಏಳನೆಯ ದಿನ, ಹದಿನೈದನೆಯ ದಿನ ಮತ್ತೆ ಅದೇ ಪರೀಕ್ಷೆ. ಏಳನೆಯ ದಿನ ಐದರಲ್ಲಿ ಮೂರು ಬಾರದಿದ್ದರೆ ಹೊಸ ಶಬ್ದಗಳನ್ನು ಎರಡು ದಿನ ನಿಲ್ಲಿಸಬೇಕು. ಮೂರು ತಿಂಗಳಾದಾಗ ಆ ತಾಯಿ ಸೊಸೆಯೊಡನೆ ಅಡುಗೆಮನೆಯ ಮಾತುಗಳನ್ನು ಆಡಬಲ್ಲವರಾಗಿದ್ದರು. ದೂರದರ್ಶನದ ವೇಗದ ಸಂಭಾಷಣೆ ಇನ್ನೂ ಹಿಡಿಯುತ್ತಿರಲಿಲ್ಲ. ಉಚ್ಚಾರದಲ್ಲಿ ಕನ್ನಡದ ಛಾಯೆಯೂ ಉಳಿದಿತ್ತು. ಅದು ಈ ವಯಸ್ಸಿನ ಸಹಜ ಮಿತಿ.

ಗಾಂಧೀಜಿಯವರು 1946ರಲ್ಲಿ ನೌಖಾಲಿಯಲ್ಲಿದ್ದಾಗ, ಎಪ್ಪತ್ತೇಳರ ವಯಸ್ಸಿನಲ್ಲಿ, ಬಂಗಾಳಿ ಕಲಿಯತೊಡಗಿದರು; 1948ರ ಜನವರಿ 30ರ ತಮ್ಮ ಕೊನೆಯ ದಿನವೂ ಬಂಗಾಳಿ ಪಾಠವನ್ನು ತಪ್ಪಿಸಲಿಲ್ಲ. ದಿನವೂ ಸ್ವಲ್ಪ ಎಂಬ ನಿಯಮಕ್ಕೆ ಇದೊಂದು ನಿದರ್ಶನ.

ಎಲ್ಲ ಮರೆವನ್ನೂ ಹೀಗೆ ಹಗುರವಾಗಿ ಕಾಣಬಾರದು. ಹೊಸ ಶಬ್ದ ಮರೆತರೆ ಚಿಂತೆಯಿಲ್ಲ. ಬಳಸಿದ ಕನ್ನಡ ಶಬ್ದಗಳೇ ತಪ್ಪತೊಡಗಿದರೆ, ಕೇಳಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳಿದರೆ, ಪರಿಚಿತ ಓಣಿಯಲ್ಲಿ ದಾರಿ ತಪ್ಪಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ನಿದ್ರೆಯ ಗುಳಿಗೆ ಇವೂ ಮರೆವು ತರುತ್ತವೆ, ಇವಕ್ಕೆ ಪರಿಹಾರವುಂಟು. ಕಾರಣ ತಿಳಿಯದೆ ಬ್ರಾಹ್ಮೀಘೃತವನ್ನು ತಾವಾಗಿಯೇ ಸೇವಿಸುವುದು ಸಲ್ಲದು. ಐವತ್ತು ದಾಟಿದ ಭಕ್ತರು ಹೊಸ ಭಾಷೆಯ ಪುಸ್ತಕ ಕೊಳ್ಳುವ ಮುನ್ನ ಕಿವಿ ಮತ್ತು ಕಣ್ಣುಗಳನ್ನು ಪರೀಕ್ಷಿಸಿಕೊಳ್ಳಲಿ ಎಂಬುದು ನನ್ನ ಸಲಹೆ.