ಗಾಲಿಗಳು ಕಲಿಸದ ನಡಿಗೆ

ಕಳೆದ ತಿಂಗಳು ಡೊಂಬಿವಲಿಯ ಗೆಳೆಯರ ಮನೆಗೆ ಹೋಗಿದ್ದೆ. ಅವರ ಎಂಟು ತಿಂಗಳ ಮೊಮ್ಮಗ ವಾಕರಿನಲ್ಲಿ ಕುಳಿತು ಕೋಣೆಯ ತುಂಬ ಓಡಾಡುತ್ತಿದ್ದ. "ನೋಡಿ, ಆಗಲೇ ನಡೆಯುತ್ತಾನೆ!" ಎಂದು ಅಜ್ಜಿ ಹಿಗ್ಗಿದರು. ಅಷ್ಟರಲ್ಲಿ ಗಾಲಿ ಬಾಲ್ಕನಿಯ ಹೊಸ್ತಿಲಿಗೆ ತಗುಲಿ ವಾಕರು ಮಗುಚಿತು. ಮಗುವಿನ ಹಣೆ ಊದಿತು; ಪುಣ್ಯಕ್ಕೆ ಅಷ್ಟಕ್ಕೇ ಮುಗಿಯಿತು.

ಕೋಣೆಯಲ್ಲಿ ನಾವು ನಾಲ್ವರು ದೊಡ್ಡವರಿದ್ದೆವು. ಆದರೆ ವಾಕರಿನ ಮಗು ಒಂದೇ ಸೆಕೆಂಡಿನಲ್ಲಿ ಮೂರು ಅಡಿಗೂ ಹೆಚ್ಚು ದೂರ ಸಾಗಬಲ್ಲದು. ನಮ್ಮ ಕೈ ಅಷ್ಟು ಬೇಗ ಚಾಚದು. ಅಂಬೆಗಾಲಿನ ಮಗುವಿಗೆ ಎಟುಕದ ಬಿಸಿ ಚಹದ ಲೋಟವೂ ವಾಕರಿನ ಮಗುವಿಗೆ ಎಟುಕುತ್ತದೆ. ಮೆಟ್ಟಿಲುಗಳಿಂದ ಉರುಳಿ ತಲೆಗೆ ಪೆಟ್ಟಾಗುವುದೇ ಇದರ ದೊಡ್ಡ ಅಪಾಯ. ಕೆನಡಾ 2004ರಲ್ಲಿಯೇ ಇದರ ಮಾರಾಟವನ್ನು ನಿಷೇಧಿಸಿತು.

ಅಪಾಯವಿದ್ದರೂ ನಡಿಗೆ ಬೇಗ ಬರುತ್ತದಲ್ಲ ಎನ್ನುವವರಿದ್ದಾರೆ. ನನ್ನ ಆಕ್ಷೇಪ ಇರುವುದು ಅಲ್ಲಿಯೇ. ನಡಿಗೆಯೆಂದರೆ ಕಾಲಾಡಿಸುವುದಷ್ಟೇ ಅಲ್ಲ. ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗಿಸುತ್ತ ಸಮತೋಲ ಕಾಯುವುದು. ವಾಕರಿನಲ್ಲಿ ಭಾರವನ್ನು ಆಸನ ಹೊರುತ್ತದೆ, ಸಮತೋಲವನ್ನು ಗಾಲಿಗಳು ನೋಡಿಕೊಳ್ಳುತ್ತವೆ. ಮಗು ತುದಿಗಾಲಿನಿಂದ ನೆಲವನ್ನು ಒದೆಯುತ್ತದೆ, ಅಷ್ಟೆ. ಮುಂದಿನ ತಟ್ಟೆ ಅಡ್ಡವಾಗಿ ತನ್ನ ಪಾದಗಳೂ ಅದಕ್ಕೆ ಕಾಣವು. ಹೀಗಾಗಿ ನಡಿಗೆ ಬೇಗ ಬರುವುದಿಲ್ಲ. ತುಸು ತಡವಾಗುವುದೂ ಉಂಟು. ಬಾಗಿಲಿನ ಚೌಕಟ್ಟಿಗೆ ತೂಗುಹಾಕುವ ಜಂಪರಿನದೂ ಇದೇ ಕಥೆ: ಅದು ತುದಿಗಾಲಿನಲ್ಲಿ ಪುಟಿಯುವುದನ್ನು ಕಲಿಸುತ್ತದೆ, ನಿಲ್ಲುವುದನ್ನಲ್ಲ.

ಹಾಗಾದರೆ ಏನು ಮಾಡಬೇಕು? ಮಗುವನ್ನು ಬರಿಗಾಲಿನಲ್ಲಿ ನೆಲಕ್ಕೆ ಬಿಡಬೇಕು. ಅದು ಹಿಡಿದು ಏಳಲು ಅಲುಗದ ಒಂದು ತಗ್ಗು ಮಂಚ ಸಾಕು. ಎದ್ದು ನಿಂತ ಮೇಲೆ ಆಟಿಕೆಯನ್ನು ಮಂಚದ ಮೇಲೆಯೇ ಒಂದು ಗೇಣು ಪಕ್ಕಕ್ಕೆ ಸರಿಸಿ. ಅದನ್ನು ಹಿಡಿಯಲು ಮಗು ಅಂಚು ಹಿಡಿದು ಅಡ್ಡ ಹೆಜ್ಜೆ ಇಡುತ್ತದೆ. ಭಾರ ಬದಲಿಸುವ ಪಾಠ ಅದೇ. ಕೆಲವು ವಾರಗಳ ನಂತರ ಮಂಚದ ಪಕ್ಕ ಒಂದು ಗಟ್ಟಿ ಕುರ್ಚಿ ಇಟ್ಟು, ನಡುವಿನ ಅಂತರವನ್ನು ಮೆಲ್ಲಗೆ ಹೆಚ್ಚಿಸಿ. ನಡೆಸುವಾಗ ಕೈಗಳನ್ನು ಮೇಲೆತ್ತಿ ಎಳೆಯುವ ಬದಲು ಸೊಂಟವನ್ನು ಹಗುರಾಗಿ ಹಿಡಿಯಿರಿ.

ಅಡುಗೆಯ ಹೊತ್ತಿನಲ್ಲಿ ಮಗುವನ್ನು ಎಲ್ಲಿ ಬಿಡುವುದು ಎಂಬ ತಾಯಂದಿರ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಸುತ್ತ ಕಟಾಂಜನವಿರುವ ಆಟದ ಅಂಕಣ ಒಳ್ಳೆಯದು. ಅಲ್ಲಿ ಮಗು ಏಳುತ್ತದೆ, ಬೀಳುತ್ತದೆ, ಆದರೆ ಓಡಿಹೋಗದು. ಇನ್ನು ನಮ್ಮೂರಿನ ಮೂರು ಗಾಲಿಯ ಮರದ ಗಾಡಿ, ಇಲ್ಲಿಯ ಮರಾಠಿ ಮನೆಗಳ ಪಾಂಗುಳಗಾಡಾ, ವಾಕರಿನಂಥದಲ್ಲ. ಅದರ ಹಿಂದೆ ಮಗು ತನ್ನ ಕಾಲ ಮೇಲೆಯೇ ನಿಂತು ತಳ್ಳುತ್ತದೆ. ಗಾಡಿ ಮುಂದೋಡದಂತೆ ಅದಕ್ಕೊಂದು ಬೇಳೆಯ ಚೀಲ ಕಟ್ಟಿ, ದೊಡ್ಡವರು ಪಕ್ಕದಲ್ಲಿರಬೇಕು.

ಪಕ್ಕದ ಮನೆಯ ಮಗು ಹತ್ತು ತಿಂಗಳಿಗೇ ನಡೆಯಿತೆಂದು ಗಾಬರಿ ಬೇಡ. ಒಂದೂವರೆ ವರ್ಷವಾದರೂ ಒಂಟಿಯಾಗಿ ಹೆಜ್ಜೆ ಇಡದಿದ್ದರೆ, ಇಲ್ಲವೆ ಒಂದು ಕಾಲನ್ನು ಸದಾ ಎಳೆಯುತ್ತಿದ್ದರೆ ವೈದ್ಯರಿಗೆ ತೋರಿಸಿ. ಗೆಳೆಯರ ಮನೆಯ ವಾಕರು ಈಗ ಅಟ್ಟ ಸೇರಿದೆ; ಮೊಮ್ಮಗ ಮಂಚದ ಅಂಚು ಹಿಡಿದು ನಿಂತಿದ್ದಾನಂತೆ.